ಅಂಚೆ ಮುದ್ರೆಯ ದಿನವೋ, ಕಚೇರಿಗೆ ತಲುಪಿದ ದಿನವೋ

ನಮಸ್ಕಾರ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಚೇರಿಗಳು ಗುತ್ತಿಗೆ ಹುದ್ದೆಗೋ ಸಹಾಯಧನಕ್ಕೋ ಅರ್ಜಿ ಕರೆದಾಗ, ಎಲ್ಲವೂ ಆನ್‌ಲೈನ್ ಆಯಿತೆಂದು ನಾವು ಹೇಳಿಕೊಳ್ಳುವ ಈ ಕಾಲದಲ್ಲೂ, ‘ಮುದ್ದಾಂ ಅಥವಾ ಅಂಚೆ ಮೂಲಕ ಸಲ್ಲಿಸತಕ್ಕದ್ದು’ ಎಂಬ ಸಾಲು ಸೂಚನಾ ಫಲಕದಲ್ಲಿ ಕಾಣಸಿಗುತ್ತದೆ. ಅದರ ಜೊತೆಗೆ ಒಂದು ಕೊನೆಯ ದಿನಾಂಕವಿರುತ್ತದೆ. ಆ ದಿನದೊಳಗೆ ಲಕೋಟೆಯನ್ನು ಅಂಚೆಗೆ ಕೊಟ್ಟರೆ ಸಾಕೋ, ಅಥವಾ ಅದು ಕಚೇರಿಗೆ ಬಂದು ಸೇರಿರಬೇಕೋ ಎಂಬುದನ್ನು ಹಲವು ಪ್ರಕಟಣೆಗಳು ಬಿಡಿಸಿ ಹೇಳುವುದಿಲ್ಲ.

ಅಂಚೆ ಮುದ್ರೆಯ ದಿನಾಂಕವನ್ನು ಪರಿಗಣಿಸುತ್ತೇವೆಂದು ಪ್ರಕಟಣೆಯೇ ಹೇಳಿದ್ದರೆ ಮಾತ್ರ ಆ ಮುದ್ರೆಗೆ ಬೆಲೆ. ಹಾಗೆ ಹೇಳದಿದ್ದಲ್ಲಿ ಕಚೇರಿಗಳು ತಲುಪಿದ ದಿನವನ್ನೇ ಹಿಡಿಯುತ್ತವೆ. ‘ಅಂಚೆ ವಿಳಂಬಕ್ಕೆ ಕಚೇರಿ ಜವಾಬ್ದಾರಿಯಲ್ಲ’ ಎಂಬ ಸಾಲಿದ್ದರೆ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ. ಅಂಚೆಯಲ್ಲಿ ಕಳುಹಿಸಿ ಎಂದು ಪಡೆಯುವವನೇ ಕೇಳಿಕೊಂಡಾಗ ಅಂಚೆ ಇಲಾಖೆ ಅವನ ಪ್ರತಿನಿಧಿಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1954ರ ಓಗಲೆ ಗ್ಲಾಸ್ ವರ್ಕ್ಸ್ ಪ್ರಕರಣದಲ್ಲಿ ಹೇಳಿದ್ದುಂಟು. ಆದರೆ ಅದು ಚೆಕ್ ಮೂಲಕ ಹಣ ಪಾವತಿಸಿದ ವಿಚಾರ. ಇಂತಿಷ್ಟು ಹೊತ್ತಿನೊಳಗೆ ತಲುಪಲೇಬೇಕು ಎಂದು ಸ್ಪಷ್ಟವಾಗಿ ಬರೆದ ಪ್ರಕಟಣೆಯ ಮುಂದೆ ಅದನ್ನೇ ನೆಚ್ಚಿಕೊಂಡು ಕೂರುವುದು ಕಷ್ಟ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಳ್ಳಾರಿಯ ಒಂದು ಕಚೇರಿಗೆ ಶುಕ್ರವಾರ ಸಂಜೆ 5.30 ಕೊನೆಯ ಗಡುವು. ಸಿಂಧನೂರಿನ ಅಭ್ಯರ್ಥಿಯೊಬ್ಬರು ಬುಧವಾರ ಸಂಜೆ ಸ್ಪೀಡ್ ಪೋಸ್ಟ್ ಮಾಡುತ್ತಾರೆ. ಕೌಂಟರಿನವರು ಹಣ ಪಡೆದು ಬುಧವಾರದ ರಸೀದಿ ಕೊಡುತ್ತಾರೆ, ಆದರೆ ಆ ದಿನದ ಟಪಾಲು ಚೀಲ ಅಷ್ಟರಲ್ಲಾಗಲೇ ಹೊರಟಿರುತ್ತದೆ. ಲಕೋಟೆ ಗುರುವಾರ ಹೊರಟು, ವಿಂಗಡಣೆಯಾಗಿ, ಶುಕ್ರವಾರ ಮಧ್ಯಾಹ್ನ ಬಳ್ಳಾರಿಯ ಅಂಚೆ ಕಚೇರಿಗೆ ಬರುವ ಹೊತ್ತಿಗೆ ಪೋಸ್ಟ್‌ಮ್ಯಾನ್ ಬೆಳಗಿನ ಬಟವಾಡೆಗೆ ಹೋಗಿಯಾಗಿದೆ. ಮರುದಿನ ನಾಲ್ಕನೇ ಶನಿವಾರವಾದ್ದರಿಂದ ಕಚೇರಿಗೆ ರಜೆ, ಅದರ ಮರುದಿನ ಭಾನುವಾರ. ಸೋಮವಾರ ಲಕೋಟೆ ಕಚೇರಿ ಸೇರುತ್ತದೆ, ಸೋಮವಾರದ ಸ್ವೀಕೃತಿ ಮುದ್ರೆ ಬೀಳುತ್ತದೆ. ಕೈಯಲ್ಲಿ ಬುಧವಾರದ ರಸೀದಿ ಇದ್ದರೂ ಅರ್ಜಿ ತಡವಾಗಿ ಬಂದದ್ದೇ. ಇಂತಹ ಸಂದರ್ಭದಲ್ಲಿ ಸಿಂಧನೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿ ಬಂದು, ಮುದ್ದಾಂ ಕೊಟ್ಟು, ಎರಡನೇ ಪ್ರತಿಯ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳುವುದೇ ಮೇಲು.

ಇಷ್ಟರಮಟ್ಟಿಗೆ ಕಚೇರಿಯ ಕಡೆಗೇ ನ್ಯಾಯವಿದೆ ಎಂದು ಒಪ್ಪುತ್ತೇನೆ. ನನ್ನ ತಕರಾರು ಇರುವುದು ‘ತಲುಪಿದ ದಿನ’ ಎಂದರೆ ಯಾವ ಮೇಜಿಗೆ ತಲುಪಿದ ದಿನ ಎಂಬಲ್ಲಿ. ಅದೇ ಲಕೋಟೆ ಶುಕ್ರವಾರ ಬೆಳಗಿನ ಬಟವಾಡೆಯಲ್ಲೇ ಬಂತು ಎಂದುಕೊಳ್ಳಿ. ಟಪಾಲು ಶಾಖೆಯವರು ಇಡೀ ಕಟ್ಟಿಗೆ ಒಂದೇ ಸಹಿ ಹಾಕಿ ಪಡೆಯುತ್ತಾರೆ. ಲಕೋಟೆ ಸಂಬಂಧಿಸಿದ ವಿಷಯ ನಿರ್ವಾಹಕರ ಕೈ ಸೇರುವುದು ಸೋಮವಾರ, ಅವರು ಅದನ್ನು ಒಡೆದು ಅರ್ಜಿಯ ಮೇಲೆ ಸೋಮವಾರದ ಮುದ್ರೆ ಒತ್ತುತ್ತಾರೆ, ಖಾಲಿ ಲಕೋಟೆ ಕಸದ ಬುಟ್ಟಿಗೆ ಹೋಗುತ್ತದೆ. ತಿರಸ್ಕೃತರ ಪಟ್ಟಿಯಲ್ಲಿ ‘ಅವಧಿ ಮೀರಿ ಬಂದಿದೆ’ ಎಂಬ ಷರಾ ಕಾಣುತ್ತದೆ. ಇಲ್ಲಿ ತಪ್ಪು ಅಭ್ಯರ್ಥಿಯದೂ ಅಲ್ಲ, ಅಂಚೆಯದೂ ಅಲ್ಲ. ಕಟ್ಟಡದ ಒಳಗೆ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಹಿಡಿದ ಸಮಯವನ್ನು ಹೊರಗಿನವರ ಲೆಕ್ಕಕ್ಕೆ ಹಾಕುವುದು ಯಾವ ನ್ಯಾಯ?

ಇದನ್ನು ಪತ್ತೆ ಹಚ್ಚಲು ದಾರಿಯಿದೆ. ಸ್ಪೀಡ್ ಪೋಸ್ಟ್ ರಸೀದಿಯಲ್ಲಿ 13 ಅಕ್ಷರ-ಅಂಕಿಗಳ ಸಂಖ್ಯೆಯೊಂದು ಇರುತ್ತದೆ. ಅದನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಬಟವಾಡೆಯ ದಿನ, ಸಮಯ ಎರಡೂ ಸಿಗುತ್ತವೆ. ಆ ಪುಟವನ್ನು ಕೂಡಲೇ ಮುದ್ರಿಸಿಟ್ಟುಕೊಳ್ಳಬೇಕು, ಏಕೆಂದರೆ ಆ ವಿವರ ಅಲ್ಲಿ ಸದಾಕಾಲ ಉಳಿಯುವುದಿಲ್ಲ. ಬಳಿಕ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಆ ದಿನದ ಆವಕ ವಹಿಯ ಪುಟವನ್ನೂ, ಲಕೋಟೆ ಉಳಿದಿದ್ದರೆ ಅದರ ಎರಡೂ ಬದಿಯ ನಕಲನ್ನೂ ಕೇಳಬಹುದು. ಬಟವಾಡೆ ಶುಕ್ರವಾರ, ಮುದ್ರೆ ಸೋಮವಾರ ಎಂದು ಕಂಡುಬಂದರೆ ಆಕ್ಷೇಪಣೆಗೆ ಆಧಾರ ಸಿಕ್ಕಂತೆಯೇ. ಸಾದಾ ಅಂಚೆಯಲ್ಲಿ ಹಾಕಿದವರಿಗೆ ಇದಾವುದೂ ಸಿಗುವುದಿಲ್ಲ. ಹಿಂದೆ ‘ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್’ ಎಂಬ ಚೀಟಿ ಸಿಗುತ್ತಿತ್ತು, 2011ರಲ್ಲಿ ಅದೂ ನಿಂತಿತು. ಇದ್ದಾಗಲೂ ಅದು ಕಳುಹಿಸಿದ್ದಕ್ಕೆ ಸಾಕ್ಷಿಯಾಗಿತ್ತೇ ಹೊರತು ತಲುಪಿದ್ದಕ್ಕಲ್ಲ.

ಈ ನಿಯಮವನ್ನು ಕುರುಡಾಗಿ ನಡೆಸಬೇಕಿಲ್ಲ ಎಂಬುದಕ್ಕೆ ಕೇಂದ್ರ ಲೋಕಸೇವಾ ಆಯೋಗದ ಹಳೆಯ ಪ್ರಕಟಣೆಗಳೇ ಸಾಕ್ಷಿ. ಕಾಗದದ ಅರ್ಜಿಗಳ ಕಾಲದಲ್ಲಿ ಈಶಾನ್ಯ ರಾಜ್ಯಗಳು, ಲಡಾಖ್, ಅಂಡಮಾನ್, ಲಕ್ಷದ್ವೀಪದಂತಹ ಕಡೆಗಳಿಂದ ಅಂಚೆಯಲ್ಲಿ ಬರುವ ಅರ್ಜಿಗಳಿಗೆ ಆಯೋಗ ಒಂದು ವಾರ ಹೆಚ್ಚು ಕೊಡುತ್ತಿತ್ತು. ತಲುಪಿದ ದಿನವನ್ನೇ ಹಿಡಿದರೂ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ನಮ್ಮ ಜಿಲ್ಲಾ ಕಚೇರಿಗಳು ಅಷ್ಟು ಮಾಡದಿದ್ದರೂ, ‘ಇಂತಹ ದಿನ ಸಂಜೆ 5.30ರೊಳಗೆ ಟಪಾಲು ಶಾಖೆಗೆ ತಲುಪಿದ ಅರ್ಜಿಗಳನ್ನು ಮಾತ್ರ ಪರಿಗಣಿಸಲಾಗುವುದು, ಅಂಚೆ ಮುದ್ರೆಯ ದಿನಾಂಕವನ್ನು ಪರಿಗಣಿಸುವುದಿಲ್ಲ’ ಎಂದು ಬರೆಯಲಿ. ಮುದ್ರೆಯನ್ನು ಟಪಾಲು ಶಾಖೆಯಲ್ಲೇ, ಒಡೆಯದ ಲಕೋಟೆಯ ಮೇಲೆಯೇ ಹಾಕಲಿ. ಅಂತಿಮ ಆಯ್ಕೆ ಪಟ್ಟಿ ಹೊರಬೀಳುವವರೆಗೆ ಆ ಲಕೋಟೆಯನ್ನು ಅರ್ಜಿಯ ಜೊತೆಗೆ ಟ್ಯಾಗ್ ಹಾಕಿ ಕಡತದಲ್ಲೇ ಇಡಲಿ.