ಲಾಡಿಹುಳು ರಕ್ತ ಕುಡಿಯುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಟ್ಟೆಯಲ್ಲಿ ಹುಳು ಇದ್ದರೆ ರಕ್ತ ಕಡಿಮೆಯಾಗುತ್ತದೆ ಎಂದು ನೀವೆಲ್ಲ ಕೇಳಿದ್ದೀರಿ. ಯಾಕೆ ಕಡಿಮೆಯಾಗುತ್ತದೆ ಎಂದು ಕೇಳಿದರೆ, "ಹುಳು ರಕ್ತ ಕುಡಿಯುತ್ತದಲ್ಲ ಡಾಕ್ಟ್ರೇ" ಎನ್ನುತ್ತಾರೆ. ಕೊಕ್ಕೆಹುಳುವಿನ ಮಟ್ಟಿಗೆ ಆ ಮಾತು ನಿಜ. ಅದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಆದರೆ ನಾನು ಇವತ್ತು ಹೇಳಲು ಬಂದಿರುವುದು ಮೀನಿನ ಲಾಡಿಹುಳುವಿನ ಬಗ್ಗೆ. ಅದು ರಕ್ತ ಕುಡಿಯುವುದಿಲ್ಲ. ಅದಕ್ಕೆ ಬಾಯಿಯೇ ಇಲ್ಲ! ಅದು ತೆಗೆದುಕೊಳ್ಳುವುದು ನಮ್ಮ ಊಟದಲ್ಲಿರುವ, ಮೈಯಲ್ಲಿ ರಕ್ತ ತಯಾರಾಗಲು ಬೇಕಾದ ಬಿ12 ಜೀವಸತ್ವವನ್ನು. ಇನ್ನೇನು ಮರೆತರೂ ಇದೊಂದನ್ನು ಮರೆಯಬೇಡಿ.

ಈ ಹುಳು ನಮ್ಮ ಊರಿನದಲ್ಲ. ನಾವು ಕೆರೆ, ಹೊಳೆಯ ಮೀನನ್ನು ಸಾರು ಮಾಡಿಯೋ ಹುರಿದೋ ತಿನ್ನುತ್ತೇವೆ. ಚೆನ್ನಾಗಿ ಬೆಂದ ಮೀನಿನಲ್ಲಿ ಅದು ಬದುಕುವುದಿಲ್ಲ. ಭಾರತದಲ್ಲಿ ಇದು ತೀರಾ ಅಪರೂಪ. ಆದರೆ ಈಗ ನಮ್ಮ ಮಕ್ಕಳು ಓದಿಗೆ, ಕೆಲಸಕ್ಕೆ ಫಿನ್ಲೆಂಡು, ಸ್ವೀಡನ್ನು, ರಷ್ಯಾ ಎಂದು ಹೋಗುತ್ತಾರೆ. ಅಲ್ಲಿ ಸರೋವರದ ಮೀನನ್ನು, ಮೀನಿನ ಮೊಟ್ಟೆಯನ್ನು ಬೇಯಿಸದೆ, ಬರೀ ಸ್ವಲ್ಪ ಉಪ್ಪು ಹಾಕಿ ತಿನ್ನುವ ಪದ್ಧತಿ ಇದೆ. ಅದಕ್ಕೇ ಈ ಮಾತು.

ಹುಳು ಹೊಟ್ಟೆಗೆ ಸೇರುವುದು ಹೀಗೆ. ಹುಳು ಇರುವವರ ಮಲ ಸರೋವರದ ನೀರಿಗೆ ಸೇರುತ್ತದೆ. ಅದರಲ್ಲಿರುವ ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತದೆ. ಸೀಗಡಿಯ ದೂರದ ನೆಂಟನಾದ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೀರುಜೀವಿಯೊಂದು ಅದನ್ನು ನುಂಗುತ್ತದೆ. ಆ ಜೀವಿಯನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ಪೈಕ್, ಪರ್ಚ್‌ನಂಥ ಬೇಟೆಮೀನು ತಿನ್ನುತ್ತದೆ. ಅದರ ಮಾಂಸದಲ್ಲಿ, ಮೊಟ್ಟೆಯ ಚೀಲದಲ್ಲಿ ಮರಿಹುಳು ಬಿಳೀ ದಾರದ ಚೂರಿನಂತೆ ಕೂತಿರುತ್ತದೆ. ಆ ಮೀನನ್ನು ಹಸಿಯಾಗಿ ತಿಂದವರ ಸಣ್ಣಕರುಳಿನಲ್ಲಿ ಅದು ಬೆಳೆಯುತ್ತದೆ. 10 ಮೀಟರಿಗೂ ಉದ್ದ ಬೆಳೆಯಬಲ್ಲದು, 20 ವರ್ಷ ಕೂಡ ಬದುಕಬಲ್ಲದು. ಎಷ್ಟೋ ಜನರಿಗೆ ಹೊಟ್ಟೆನೋವೂ ಇರುವುದಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಫಿನ್ಲೆಂಡಿನ ಕತೆಗೆ ಬರುತ್ತೇನೆ. 1880ರ ದಶಕದಲ್ಲೇ ಅಲ್ಲಿನ ವೈದ್ಯರು ಒಂದು ವಿಷಯ ಗಮನಿಸಿದ್ದರು. ಕೆಲವು ರೋಗಿಗಳು ಬಿಳಿಚಿಕೊಂಡು, ಸುಸ್ತಾಗಿ, ನಾಲಗೆ ಉರಿ ಎನ್ನುತ್ತಾ, ಕೈಕಾಲು ಜೋಮು ಹಿಡಿದು ಬರುತ್ತಿದ್ದರು. ಹುಳುವಿಗೆ ಔಷಧಿ ಕೊಟ್ಟು ಅದನ್ನು ಹೊರಹಾಕಿದರೆ ಅವರ ರಕ್ತ ತಾನಾಗಿಯೇ ಏರುತ್ತಿತ್ತು. ಹಾಗಾದರೆ ತಪ್ಪು ಹುಳುವಿನದೇ, ಸರಿ. ಆದರೆ 1940ರ ದಶಕದ ಫಿನ್ಲೆಂಡಿನಲ್ಲಿ ಸುಮಾರು 5 ಜನರಲ್ಲಿ ಒಬ್ಬರ ಹೊಟ್ಟೆಯಲ್ಲಿ ಈ ಹುಳು ಇತ್ತು. ಅವರೆಲ್ಲ ಹಾಸಿಗೆ ಹಿಡಿದಿರಲಿಲ್ಲ. ಇಂಥ ಜೋರಾದ ರಕ್ತಹೀನತೆ ಬರುತ್ತಿದ್ದುದು ನೂರಕ್ಕೆ ಹೆಚ್ಚೆಂದರೆ ಒಬ್ಬಿಬ್ಬರಿಗೆ. ಒಂದೇ ಹುಳು, ಅದೇ ಮೀನು. ಒಬ್ಬ ಮರ ಕಡಿಯುವ ಕೆಲಸಕ್ಕೆ ಹೋಗುತ್ತಾನೆ, ಇನ್ನೊಬ್ಬನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಯಾಕೆ?

ಬರ್ಟೆಲ್ ಫಾನ್ ಬಾನ್ಸ್‌ಡಾರ್ಫ್ ಎಂಬ ಫಿನ್ಲೆಂಡಿನ ವೈದ್ಯರು ಈ ಪ್ರಶ್ನೆಯ ಬೆನ್ನು ಬಿದ್ದರು. ಹುಳು ಕರುಳಿನ ಯಾವ ಭಾಗದಲ್ಲಿ ಕೂತಿದೆ ಎಂದು ಹುಡುಕಿದರು. ರಕ್ತಹೀನತೆ ಇದ್ದವರಲ್ಲಿ ಅದು ಮೇಲ್ಭಾಗದಲ್ಲಿ, ಜಠರಕ್ಕೆ ಹತ್ತಿರದಲ್ಲಿತ್ತು. ಆರೋಗ್ಯವಾಗಿದ್ದವರಲ್ಲಿ ಇನ್ನೂ ಕೆಳಗಿತ್ತು. ಇದರಲ್ಲೇ ಉತ್ತರ ಇದೆ.

ಬಿ12 ನಮ್ಮ ರಕ್ತಕ್ಕೆ ಸೇರುವುದು ಸಣ್ಣಕರುಳಿನ ಕಟ್ಟಕಡೆಯ ತುದಿಯಲ್ಲಿ. ಜಠರದಲ್ಲಿ ಹುಟ್ಟುವ ಒಂದು ಪ್ರೋಟೀನು ಅದನ್ನು ಹಿಡಿದುಕೊಂಡು ಅಲ್ಲಿಯವರೆಗೆ ತಲುಪಿಸಬೇಕು. ಮೇಲೆ ಕೂತ ಹುಳು ಆ ಜೋಡಿಯನ್ನು ಬಿಡಿಸಿ ಬಿ12 ಅನ್ನು ದಾರಿಯಲ್ಲೇ ತೆಗೆದುಕೊಂಡುಬಿಡುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಮೊದಲ ಎಲೆಯವನೇ ಪಾಯಸದ ಪಾತ್ರೆ ಖಾಲಿ ಮಾಡಿದರೆ ಕೊನೆಯ ಎಲೆಗೆ ಏನು ಬಂದೀತು? ಮುಂದೆ ಗುರುತು ಹಚ್ಚಿದ ಬಿ12 ಅನ್ನು ರೋಗಿಗಳಿಗೆ ಕುಡಿಸಿ, ಆಮೇಲೆ ಹುಳುವನ್ನು ಹೊರಹಾಕಿ ಅಳೆದು ನೋಡಿದರು. ರಕ್ತಹೀನತೆ ಇದ್ದವರಲ್ಲಿ ಕೊಟ್ಟದ್ದರಲ್ಲಿ ನೂರಕ್ಕೆ 80 ಭಾಗಕ್ಕೂ ಜಾಸ್ತಿ ಹುಳುವಿನೊಳಗೇ ಇತ್ತು!

ಇನ್ನೊಂದು ಸಂಗತಿ ಹೇಳಲೇಬೇಕು. ಇದೇ ವೈದ್ಯರು ಹೊರಬಂದ ಹುಳುಗಳನ್ನು ಒಣಗಿಸಿ, ಅದನ್ನೇ ಔಷಧಿಯಾಗಿ ರಕ್ತಹೀನತೆಯ ರೋಗಿಗಳಿಗೆ ಕೊಟ್ಟು ನೋಡಿದರು. ರೋಗಿಗಳ ರಕ್ತ ಏರಿತು! ಹುಳುವಿನ ಮೈಯಲ್ಲಿ ಅಷ್ಟೊಂದು ಬಿ12 ತುಂಬಿತ್ತು. ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ಮುಖ ಹಿಂಡುತ್ತಾರೆ. ನನಗಂತೂ ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ನೇರವಾದ ಸಾಕ್ಷಿ ಇನ್ನೊಂದು ಕಂಡಿಲ್ಲ.

ಕತೆ ಉದ್ದವಾಯಿತು, ಸಮಯ ಜಾಸ್ತಿ ಉಳಿದಿಲ್ಲ. ಮುಖ್ಯವಾದದ್ದನ್ನು ಬೇಗ ಹೇಳುತ್ತೇನೆ.

ಹುಳು ರಕ್ತ ಕುಡಿಯುವುದಿಲ್ಲ, ಬಿ12 ತಿನ್ನುತ್ತದೆ. ಆದ್ದರಿಂದ ಇಲ್ಲಿ ಕಬ್ಬಿಣದ ಮಾತ್ರೆಯಿಂದ ಪ್ರಯೋಜನವಿಲ್ಲ. ಕಬ್ಬಿಣ ಕಡಿಮೆಯಾದಾಗ ಕೆಂಪು ರಕ್ತಕಣಗಳು ಚಿಕ್ಕದಾಗುತ್ತವೆ. ಬಿ12 ಕಡಿಮೆಯಾದಾಗ ಕಣಗಳು ಸಂಖ್ಯೆಯಲ್ಲಿ ಇಳಿದು, ಗಾತ್ರದಲ್ಲಿ ದೊಡ್ಡದಾಗುತ್ತವೆ. ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲೇ MCV ಎಂದು ಆ ಗಾತ್ರ ಬರೆದಿರುತ್ತದೆ, ನೋಡಿ. ಯಕೃತ್ತಿನಲ್ಲಿ ಬಿ12 ಕೆಲವು ವರ್ಷಕ್ಕೆ ಸಾಲುವಷ್ಟು ಕೂಡಿಟ್ಟಿರುತ್ತದೆ. ಹಾಗಾಗಿ ಮೀನು ತಿಂದು ಎಷ್ಟೋ ಕಾಲದ ಮೇಲೆ ಸುಸ್ತು ಶುರುವಾಗುತ್ತದೆ, ಮೀನು ತಿಂದದ್ದು ಯಾರಿಗೂ ನೆನಪಿರುವುದಿಲ್ಲ. ದಯವಿಟ್ಟು ನೀವಾಗಿಯೇ ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗುತ್ತಾ ಕೂರಬೇಡಿ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ.

ನಮ್ಮಲ್ಲಿ ಬಿ12 ಕಡಿಮೆ ಇರುವವರು ಬಹಳ ಜನ. ಅದಕ್ಕೆ ಕಾರಣ ಊಟದಲ್ಲಿ ಬಿ12 ಸಾಲದಿರುವುದೋ ಜಠರದ ತೊಂದರೆಯೋ ಇರುತ್ತದೆ, ಈ ಹುಳುವಲ್ಲ. ಸಸ್ಯಾಹಾರಿಗಳು ಸುಮ್ನೆ ಗಾಬರಿಯಾಗಬೇಡಿ. ಹಸಿ ಮೀನು ತಿಂದವರು ಮಾತ್ರ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಮಲಪರೀಕ್ಷೆಯಲ್ಲಿ ಮೊಟ್ಟೆ ಸುಲಭವಾಗಿ ಸಿಗುತ್ತದೆ, ಯಾಕೆಂದರೆ ಹುಳು ದಿನಕ್ಕೆ 10 ಲಕ್ಷದವರೆಗೂ ಮೊಟ್ಟೆ ಇಡುತ್ತದೆ. ಮಲದಲ್ಲಿ ಬಿಳೀ ಪಟ್ಟಿಯ ತುಂಡು ಕಂಡರೆ ನಾಚಿಕೊಳ್ಳದೆ ಡಬ್ಬಿಯಲ್ಲಿ ಹಾಕಿ ತನ್ನಿ. ಪ್ರಾಜಿಕ್ವಾಂಟೆಲ್ ಎಂಬ ಔಷಧಿಯನ್ನು ವೈದ್ಯರು ತೂಕ ನೋಡಿ ಒಂದೇ ಸಲ ಕೊಡುತ್ತಾರೆ. ಜೊತೆಗೆ ಬಿ12 ಚುಚ್ಚುಮದ್ದು ಕೊಡುತ್ತಾರೆ.

ಇನ್ನು ಮೀನಿನ ವಿಷಯ. ನಿಂಬೆರಸ, ವಿನೆಗರ್, ಸ್ವಲ್ಪ ಉಪ್ಪು, ತಣ್ಣನೆಯ ಹೊಗೆ, ಇವನ್ನು ನಂಬಬೇಡಿ. ಮೀನಿನ ಒಳಗಿನ ಭಾಗವೂ 63 ಡಿಗ್ರಿ ಬಿಸಿಯಾಗಬೇಕು. ಮಾಂಸದ ಪಾರದರ್ಶಕ ಬಣ್ಣ ಹೋಗಿ, ಅದು ಸುಲಭವಾಗಿ ಎಸಳು ಎಸಳಾಗಿ ಬಿಟ್ಟುಕೊಂಡರೆ ಬೆಂದಿದೆ ಎಂದರ್ಥ. ಹಸಿಯಾಗಿಯೇ ತಿನ್ನಬೇಕು ಎನ್ನುವವರು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟ ಮೀನನ್ನೇ ಕೊಳ್ಳಲಿ. ಅಡುಗೆ ಮಾಡುವವರಿಗೂ ಒಂದು ಮಾತು: ಉಪ್ಪು ಸರಿಯಾಗಿದೆಯಾ ಎಂದು ಬೇಯುವ ಮೊದಲೇ ಬಾಯಿಗೆ ಹಾಕಿಕೊಳ್ಳಬೇಡಿ. ನ್ಯೂಯಾರ್ಕಿನಲ್ಲಿ ಮೀನಿನ ಉಂಡೆ ಮಾಡುತ್ತಿದ್ದ ಯಹೂದಿ ಗೃಹಿಣಿಯರಿಗೆ ಈ ಹುಳು ಬಂದದ್ದು ಹಾಗೆಯೇ.

ನಮಸ್ಕಾರ.