ರಾಜೀನಾಮೆ ಪತ್ರದಲ್ಲಿ ಮೊದಲು ತಾರೀಕು

ಕೇಳುಗರಿಗೆ ನಮಸ್ಕಾರ. ಬ್ಯಾಂಕಿನ ಗುಮಾಸ್ತ ಹುದ್ದೆಯನ್ನು ಬಿಟ್ಟು ಮನೆಯವರೊಂದಿಗೆ ಸಣ್ಣ ವ್ಯಾಪಾರ ಆರಂಭಿಸಬೇಕೆಂದು ಯೋಚಿಸುತ್ತಿರುವವರು ಇಂದು ಈ ಮಾತನ್ನು ಕೇಳುತ್ತಿದ್ದೀರಿ ಎಂದು ಭಾವಿಸಿದ್ದೇನೆ. ಶಾಖಾ ವ್ಯವಸ್ಥಾಪಕನಾಗಿದ್ದ ವರ್ಷಗಳಲ್ಲಿ ನಾನು ಓದಿದ ರಾಜೀನಾಮೆ ಪತ್ರಗಳ ಪೈಕಿ ಹೆಚ್ಚಿನವು ಎರಡು ಪುಟದಷ್ಟು ಕೃತಜ್ಞತೆ ಹೇಳಿ, ಯಾವ ದಿನ ಹೋಗುತ್ತೇನೆ ಎಂಬುದನ್ನೇ ಮರೆತಿದ್ದವು. ದಯವಿಟ್ಟು ತಾರೀಕನ್ನು ಮೊದಲ ವಾಕ್ಯದಲ್ಲೇ ಬರೆಯಿರಿ.

ತಿಪಟೂರು ಕಡೆಯ ಶಾಖೆಯೊಂದರಲ್ಲಿ ನನ್ನೊಡನೆ ಒಬ್ಬ ಯುವಕ ಒಂಬತ್ತು ವರ್ಷದಿಂದ ಗುಮಾಸ್ತರಾಗಿದ್ದರು. ಮನೆಯಲ್ಲಿ ತೆಂಗಿನ ತೋಟವಿತ್ತು, ಕೊಬ್ಬರಿ ಇತ್ತು. ಅವರ ಪತ್ನಿ ತಮ್ಮ ಹೆಸರಿನಲ್ಲಿಯೇ ಆಹಾರ ಪರವಾನಗಿ ಪಡೆದು ಮರದ ಗಾಣವೊಂದನ್ನು ಹಾಕಿಸಿ, ಕೊಬ್ಬರಿ ಎಣ್ಣೆ ತೆಗೆಯಲು ಆರಂಭಿಸಿದ್ದರು. ಜೂನ್ 3ರ ಬೆಳಿಗ್ಗೆ ಈ ಯುವಕ ನನ್ನ ಮೇಜಿನ ಮೇಲೆ ಪತ್ರವಿಟ್ಟು ಕೈಮುಗಿದು ನಿಂತರು. ಪತ್ರದ ತಲೆಯಲ್ಲಿ ಜೂನ್ 1 ಎಂದಿತ್ತು. ಕೊನೆಯಲ್ಲಿ "ಈ ತಿಂಗಳ ಅಂತ್ಯಕ್ಕೆ ಬಿಡುಗಡೆ ಮಾಡಿ" ಎಂದಿತ್ತು. ನಡುವೆ "ನಾವು ನಡೆಸುತ್ತಿರುವ ಎಣ್ಣೆ ವ್ಯಾಪಾರ" ಎಂಬ ಮಾತಿತ್ತು.

ನಾನು ಅವರನ್ನು ಕೂರಿಸಿ ಎರಡು ತಪ್ಪುಗಳನ್ನು ತೋರಿಸಿದೆ. ಕಾಯಂ ಗುಮಾಸ್ತರು ಕೆಲಸ ಬಿಡಲು ಒಂದು ತಿಂಗಳ ಲಿಖಿತ ಸೂಚನೆ ಕೊಡಬೇಕು, ಮತ್ತು ಆ ತಿಂಗಳು ಎಣಿಕೆಯಾಗುವುದು ಪತ್ರ ಬರೆದ ದಿನದಿಂದಲ್ಲ, ಶಾಖೆಯ ಕೈಸೇರಿದ ದಿನದಿಂದ. ಜೂನ್ 3ಕ್ಕೆ ಕೊಟ್ಟವರು ಜೂನ್ 30ಕ್ಕೆ ಹೊರಟರೆ ಸೂಚನೆ ಕಡಿಮೆ ಬೀಳುತ್ತದೆ, ಸಂಬಳ ಮುರಿದುಕೊಳ್ಳುವ ಪ್ರಶ್ನೆ ಏಳುತ್ತದೆ. ಎರಡನೆಯದು ಇನ್ನೂ ಗಂಭೀರವಾದುದು. ಬ್ಯಾಂಕಿನ ಅನುಮತಿಯಿಲ್ಲದೆ ಉದ್ಯೋಗಿ ಹೊರಗೆ ವ್ಯಾಪಾರ ಮಾಡುವುದು ದೊಡ್ಡ ದುರ್ನಡತೆಯೆಂದೇ ನಿಯಮ ಹೇಳುತ್ತದೆ. ಅವರು ಒಂದು ದಿನವೂ ಗಾಣದ ಬಳಿ ಕೂತವರಲ್ಲ. "ನಾವು" ಎಂಬ ಒಂದು ಪದ ಮಾಡದ ತಪ್ಪನ್ನು ಒಪ್ಪಿಕೊಂಡಂತೆ ಮಾಡುತ್ತಿತ್ತು. ನಡೆದದ್ದನ್ನು ನಡೆದಂತೆ ಬರೆಯಿರಿ ಎಂದೆ. ಮಧ್ಯಾಹ್ನದ ಊಟ ಮುಗಿಸಿ ಬಂದು ಅವರು ಹೊಸದಾಗಿ ಬರೆದುಕೊಟ್ಟ ಪತ್ರ ನನಗೆ ಬಾಯಿಪಾಠವಾಗಿದೆ:

"ಮಾನ್ಯರೇ, ನನ್ನ ಗುಮಾಸ್ತ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದು, ಒಂದು ತಿಂಗಳ ಸೂಚನಾ ಅವಧಿಯನ್ನು ಪೂರೈಸಿ ಜುಲೈ 3ರಂದು ಕೆಲಸದ ವೇಳೆ ಮುಗಿದ ಮೇಲೆ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ನನ್ನ ಪತ್ನಿ ನಡೆಸುತ್ತಿರುವ ಗಾಣದ ಕೆಲಸಕ್ಕೆ, ಬಿಡುಗಡೆಯಾದ ನಂತರ ನಾನೂ ಕೈಜೋಡಿಸಲಿದ್ದೇನೆ. ಸೇರಿದ ಮೊದಲ ವರ್ಷ ನನ್ನ ನಗದಿನಲ್ಲಿ ಐನೂರು ರೂಪಾಯಿ ಕಡಿಮೆ ಬಂದ ಸಂಜೆ, ಹಿರಿಯ ಸಹೋದ್ಯೋಗಿಗಳು ಮನೆಗೆ ಹೋಗದೆ ನನ್ನ ಪಕ್ಕದಲ್ಲಿ ಕುಳಿತು ಒಂದೊಂದೇ ಚಲನ್ ತಿರುವಿ ತಪ್ಪನ್ನು ಹುಡುಕಿಕೊಟ್ಟರು. ಅದನ್ನು ನಾನು ಮರೆಯಲಾರೆ. ಬಿಡುಗಡೆಯಾಗುವಷ್ಟರೊಳಗೆ ನನ್ನ ಕೆಲಸವನ್ನೆಲ್ಲ ತಾವು ಹೇಳಿದವರಿಗೆ ವಹಿಸಿಕೊಡುತ್ತೇನೆ."

ಐದೇ ವಾಕ್ಯ. ತಾರೀಕು ಮೊದಲನೆಯದರಲ್ಲೇ ಬಂದಿತು, ಕಾರಣ ಒಂದೇ ಸಾಲಿನಲ್ಲಿ ಮುಗಿಯಿತು. ಆತ್ಮೀಯತೆ ಎಲ್ಲಿದೆ ಗಮನಿಸಿ. "ಎಲ್ಲರ ಸಹಕಾರಕ್ಕೆ ಚಿರಋಣಿ" ಎಂದು ಬರೆದಿದ್ದರೆ ಯಾರೂ ಎರಡನೇ ಬಾರಿ ಓದುತ್ತಿರಲಿಲ್ಲ; ಆ ಐನೂರು ರೂಪಾಯಿಯ ಸಂಜೆಯನ್ನು ಓದಿ ನಮ್ಮ ಹಿರಿಯ ಕ್ಯಾಷಿಯರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೃತಜ್ಞತೆಗೆ ಇಂತಹ ಒಂದು ಘಟನೆ ಸಾಕು, ಹತ್ತು ಹೆಸರುಗಳ ಪಟ್ಟಿ ಬೇಡ.

ಸಮಯ ಕಡಿಮೆಯಿರುವುದರಿಂದ ಉಳಿದುದನ್ನು ಬೇಗ ಹೇಳುತ್ತೇನೆ. ಐದು ವರ್ಷ ಸೇವೆ ಪೂರೈಸಿದವರು ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿಗೆ ಅರ್ಹರು. ಅದನ್ನು ಈ ಪತ್ರದಲ್ಲಿ ಕೇಳಬೇಡಿ, ಅದಕ್ಕೆ ಬೇರೆ ಅರ್ಜಿಯಿದೆ. ಸಿಬ್ಬಂದಿ ಸಾಲದ ಮಾತನ್ನೂ ವ್ಯವಸ್ಥಾಪಕರೊಂದಿಗೆ ಪ್ರತ್ಯೇಕವಾಗಿ ಆಡಿ. ಹಳೆಯ ಪಿಂಚಣಿ ಯೋಜನೆಯಲ್ಲಿದ್ದು ಇಪ್ಪತ್ತು ವರ್ಷ ಪೂರೈಸಿದವರು ಮಾತ್ರ "ರಾಜೀನಾಮೆ" ಎಂಬ ಪದವನ್ನೇ ಬರೆಯಬಾರದು. ಅದನ್ನು ಬರೆದರೆ ಪಿಂಚಣಿ ಹೋಗುತ್ತದೆ. ಅಂಥವರು ಕೇಳಬೇಕಾದದ್ದು ಸ್ವಯಂ ನಿವೃತ್ತಿಯನ್ನು, ಅದಕ್ಕೆ ಮೂರು ತಿಂಗಳ ಸೂಚನೆ ಬೇಕು.

ಪತ್ರದ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಮೊಹರು, ಸಹಿ ಮತ್ತು ಅಂದಿನ ತಾರೀಕನ್ನು ಹಾಕಿಸಿಕೊಂಡೇ ಮೇಜಿನಿಂದ ಏಳಿ. ನಮಸ್ಕಾರ.