ಗುರುವಾರ 11 ಗಂಟೆಯ ಸಂದರ್ಶನ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದು ಸಣ್ಣ ಪತ್ರದ ಬಗ್ಗೆ ಮಾತಾಡುತ್ತೇನೆ. ಹೆಚ್ಚೆಂದರೆ ಏಳೆಂಟು ಸಾಲಿನ ಪತ್ರ. ಎರಡು ಕಡೆ ಕೆಲಸಕ್ಕೆ ಅರ್ಜಿ ಹಾಕಿರುತ್ತೀರಿ. ಎರಡೂ ಕಡೆ ಒಂದೆರಡು ರೌಂಡ್ ಸಂದರ್ಶನ ಮುಗಿದಿರುತ್ತದೆ. ಅಷ್ಟರಲ್ಲಿ ಒಂದು ಕಡೆಯಿಂದ ಆಫರ್ ಬರುತ್ತದೆ, ನೀವು ಒಪ್ಪಿಕೊಳ್ಳುತ್ತೀರಿ. ಇನ್ನೊಂದು ಕಡೆ ಕೊನೆಯ ಸಂದರ್ಶನ ಬಾಕಿ ಇರುತ್ತದೆ. ‘ನನ್ನ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಅವರಿಗೆ ಬರೆಯಬೇಕಾದ ಪತ್ರ ಅದು.

ನಾನು 14 ವರ್ಷ ಕಾರ್ಖಾನೆಗಳ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದವಳು. ಇಂಥ ಪತ್ರ ನನ್ನ ಕೈಗೆ ಬಂದದ್ದು ಕಮ್ಮಿ, ಬಾರದೇ ಹೋದದ್ದೇ ಜಾಸ್ತಿ. ಬಾರದ ದಿನ ಏನಾಗುತ್ತದೆ ಅಂತ ಹೇಳುತ್ತೇನೆ. 11 ಗಂಟೆಗೆ ಸಂದರ್ಶನ. ಕೊಠಡಿಯಲ್ಲಿ ಮೂರು ಜನ ಕೂತಿರುತ್ತಾರೆ. ಅವರಲ್ಲಿ ಒಬ್ಬರು ಅದಕ್ಕೆಂದೇ ಬೇರೆ ಊರಿನ ಪ್ಲಾಂಟಿನಿಂದ ಬೆಳಿಗ್ಗೆಯೇ ಹೊರಟು ಬಂದಿರುತ್ತಾರೆ. ಮೇಜಿನ ಮೇಲೆ ಅಭ್ಯರ್ಥಿಯ ಬಯೋಡೇಟಾದ ಮೂರು ಪ್ರತಿ. 11:10ಕ್ಕೆ ನಾನು ಹೊರಗೆ ಬಂದು ಫೋನ್ ಮಾಡುತ್ತೇನೆ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. 11:20ಕ್ಕೆ ಸ್ವಿಚ್ ಆಫ್. ದಾರಿಯಲ್ಲಿ ಏನಾದರೂ ಅಪಘಾತವಾಯಿತೇನೋ ಎಂದು ಮೊದಲು ಭಯವಾಗುತ್ತದೆ. ಎರಡು ತಿಂಗಳು ಬಿಟ್ಟು ಆ ಹುಡುಗ ಬೇರೆ ಕಂಪನಿ ಸೇರಿದ್ದಾನೆ ಎಂದು ಯಾರೋ ಹೇಳುತ್ತಾರೆ.

ಕಳೆದ ವರ್ಷ ನನ್ನ ಅಕ್ಕನ ಮಗಳೇ ಈ ಸ್ಥಿತಿಗೆ ಬಂದಳು. ಅವಳು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಮೈಸೂರಿನ ಒಂದು ಗೇರ್ ಕಾರ್ಖಾನೆಯಲ್ಲಿ ಎರಡು ರೌಂಡ್ ಮುಗಿಸಿದ್ದಳು. ಗುರುವಾರ 11 ಗಂಟೆಗೆ ಪ್ಲಾಂಟ್ ಹೆಡ್ ಜೊತೆ ಮೂರನೇ ರೌಂಡ್. ಹೋಗಲಿಕ್ಕೆ ರೈಲ್ವೆ ಟಿಕೆಟ್ ಕೂಡ ಮಾಡಿಸಿದ್ದಳು. ಸೋಮವಾರ ಸಂಜೆ ಬೊಮ್ಮಸಂದ್ರದ ಇನ್ನೊಂದು ಕಂಪನಿಯಿಂದ ಆಫರ್ ಬಂತು. ಮನೆಗೆ ಹತ್ತಿರ, ಅವಳಿಗೆ ಇಷ್ಟವಾದ ಕೆಲಸ.

ಅವತ್ತು ರಾತ್ರಿಯೇ ನನಗೆ ಫೋನ್. “ಚಿಕ್ಕಮ್ಮ, ಗುರುವಾರ ಸುಮ್ನೆ ಹೋಗದೇ ಇದ್ರೆ ಆಗಲ್ವಾ?”

ಆಗಲ್ಲ ಅಂದೆ. ಆದರೆ ಪತ್ರ ಬರೆಯುವ ಮೊದಲು ಅವಳಿಗೆ ಒಂದು ಪ್ರಶ್ನೆ ಕೇಳಿದೆ. “ಆಫರ್ ಬಂತು ಅಂದ್ಯಲ್ಲ, ಏನು ಬಂತು? ಫೋನಾ, ಕಾಗದಾನಾ?”

ಫೋನ್ ಬಂದಿತ್ತು. “ನೀವು ಸೆಲೆಕ್ಟ್ ಆಗಿದ್ದೀರಿ, ಲೆಟರ್ ನಾಳೆ ಕಳಿಸುತ್ತೇವೆ” ಎಂದು ಎಚ್‌ಆರ್ ಹೇಳಿದ್ದರು. ಹಾಗಾದರೆ ಇವತ್ತು ಏನೂ ಬರೆಯಬೇಡ ಅಂದೆ. ಈ ಜಾಗದಲ್ಲಿ ತುಂಬ ಜನ ಎಡವುತ್ತಾರೆ. ಬಾಯಿಮಾತಿನ ಆಫರ್ ನಂಬಿ ಇನ್ನೊಂದು ಬಾಗಿಲು ಮುಚ್ಚಿಬಿಡುತ್ತಾರೆ. ಆಮೇಲೆ ಬಜೆಟ್ ಮಂಜೂರಾಗಲಿಲ್ಲ, ಹುದ್ದೆ ತಡೆ ಹಿಡಿದರು ಎಂಬ ಸುದ್ದಿ ಬರುತ್ತದೆ. ಎರಡೂ ಕಡೆ ಇಲ್ಲದಂತಾಗುತ್ತದೆ. ಆಫರ್ ಕೊಟ್ಟು ವಾಪಸ್ ತೆಗೆದುಕೊಂಡ ಕಂಪನಿಗಳನ್ನು ನಾನು ಕಂಡಿದ್ದೇನೆ. ಅದಕ್ಕೇ ಹೇಳುತ್ತೇನೆ, ನಿಮ್ಮ ಕೈಯಲ್ಲಿ ಬರಹದ ಆಫರ್ ಇರಬೇಕು. ಅದರಲ್ಲಿ ಹುದ್ದೆಯ ಹೆಸರು, ಸಂಬಳ, ಸೇರುವ ದಿನಾಂಕ ಇರಬೇಕು. ನೀವು ಸಹಿ ಹಾಕಿ ಕಳಿಸಿರಬೇಕು, ತಲುಪಿತು ಎಂದು ಅವರಿಂದ ಉತ್ತರ ಬಂದಿರಬೇಕು.

ಕೆಲವು ಕಂಪನಿಗಳು ಮೊದಲು ಲೆಟರ್ ಆಫ್ ಇಂಟೆಂಟ್ ಅಂತ ಒಂದು ಕಾಗದ ಕೊಡುತ್ತವೆ. ಅದು ಸಾಮಾನ್ಯವಾಗಿ ‘ನಿಮ್ಮನ್ನು ತೆಗೆದುಕೊಳ್ಳುವ ಇಚ್ಛೆ ಇದೆ’ ಅನ್ನುವ ಕಾಗದ. ಓದಿ ನೋಡದೆ ಅದನ್ನೇ ಆಫರ್ ಲೆಟರ್ ಅಂದುಕೊಳ್ಳಬೇಡಿ. ಆಫರ್ ಲೆಟರಿನಲ್ಲೂ ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ತಪಾಸಣೆ ಎಂಬ ಷರತ್ತುಗಳು ಇರುವುದುಂಟು. ನಿಮ್ಮ ಅಂಕಪಟ್ಟಿ, ಅನುಭವದ ಪತ್ರ ಎಲ್ಲ ಸರಿಯಾಗಿದ್ದರೆ ಅದಕ್ಕೆ ಹೆದರಿ ಕೂರಬೇಕಾಗಿಲ್ಲ.

ಅವಳಿಗೆ ಲೆಟರ್ ಬಂದದ್ದು ಮಂಗಳವಾರ ಮಧ್ಯಾಹ್ನ. ಸಹಿ ಹಾಕಿ ಕಳಿಸಿ, ಅವರ ಉತ್ತರ ಬಂದಾಗ ಸಂಜೆ 5 ಗಂಟೆ. ಗುರುವಾರಕ್ಕೆ ನಡುವೆ ಪೂರ್ತಿ ಒಂದು ದಿನ ಇತ್ತು. ಆಫೀಸ್ ಮುಗಿಸಿ ಸೀದಾ ನಮ್ಮ ಮನೆಗೆ ಬಂದಳು. ಅಡುಗೆಮನೆಯಲ್ಲೇ ಕೂತು ಬರೆಯಲು ಶುರು ಮಾಡಿದಳು.

ಮೊದಲು ಬರೆದದ್ದನ್ನು ಓದಿದೆ. ‘ಮನೆಯ ಕಾರಣಗಳಿಂದಾಗಿ ಸದ್ಯಕ್ಕೆ ಬೆಂಗಳೂರು ಬಿಟ್ಟು ಬರಲಾಗುತ್ತಿಲ್ಲ, ದಯವಿಟ್ಟು ಕ್ಷಮಿಸಿ’ ಅಂತಿತ್ತು. ಕ್ಷಮಿಸಿ ಎಂಬ ಮಾತು ನಾಲ್ಕು ಸಲ. ಮನೆಯಲ್ಲಿ ಯಾವ ಕಾರಣವೂ ಇರಲಿಲ್ಲ. ಬೇರೆ ಕೆಲಸ ಸಿಕ್ಕಿತು ಅಂದರೆ ಅವರಿಗೆ ಬೇಜಾರಾಗುತ್ತದೆ ಎಂದು ಹಾಗೆ ಬರೆದಿದ್ದಳು. ನೇಮಕಾತಿಯವರಿಗೆ ಬೇರೆ ಕೆಲಸ ಸಿಕ್ಕಿತು ಎಂಬುದು ದಿನಾ ಕೇಳುವ ಮಾತು. ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಆದರೆ ಸುಳ್ಳು ಕಾರಣ ಕೊಟ್ಟರೆ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. ಬೆಂಗಳೂರು, ಮೈಸೂರಿನ ಕಾರ್ಖಾನೆಗಳ ಕ್ವಾಲಿಟಿ ವಿಭಾಗದವರು ಒಬ್ಬರಿಗೊಬ್ಬರು ಪರಿಚಯದವರೇ.

ಎರಡನೇ ಸಲ ಚಿಕ್ಕದಾಗಿ ಬರೆದಳು. ‘ಗುರುವಾರದ ಸಂದರ್ಶನಕ್ಕೆ ಬರಲು ಆಗುವುದಿಲ್ಲ, ತಿಳಿಸಲು ವಿಷಾದವಾಗುತ್ತದೆ.’ ಇದು ನೋಡಲು ಸರಿಯಾಗಿದೆ ಅನ್ನಿಸುತ್ತದೆ, ಅಲ್ವಾ? ಈ ಸಾಲು ಓದಿದ ನಾನು ಆ ಕುರ್ಚಿಯಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಗೊತ್ತಾ? “ಪರವಾಗಿಲ್ಲ, ಸೋಮವಾರ ಬನ್ನಿ” ಎಂದು ಬೇರೆ ದಿನ ಕೊಡುತ್ತಿದ್ದೆ. ಅವಳು ಮತ್ತೆ ಇಲ್ಲ ಅನ್ನಬೇಕು, ಅಷ್ಟರಲ್ಲಿ ಒಂದು ವಾರ ಹೋಗಿರುತ್ತದೆ. ಬರಲಾಗುವುದಿಲ್ಲ ಅನ್ನುವುದು ಆ ದಿನದ ಮಾತು. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಅನ್ನುವುದು ಹುದ್ದೆಯ ಮಾತು. ಈ ಎರಡನೆಯದು ಪತ್ರದ ಮೊದಲ ಸಾಲಿನಲ್ಲೇ ಬರಬೇಕು.

ಕೊನೆಗೆ ಕಳಿಸಿದ್ದನ್ನು ಓದುತ್ತೇನೆ. ಇಂಗ್ಲಿಷಿನಲ್ಲಿ ಬರೆದದ್ದು, ನಿಮಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

‘ಮಾನ್ಯರೇ, ಕ್ವಾಲಿಟಿ ಇಂಜಿನಿಯರ್ ಹುದ್ದೆಗೆ ನಾನು ಹಾಕಿದ್ದ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬೇರೊಂದು ಕಂಪನಿಯ ಆಫರನ್ನು ಇವತ್ತು ಒಪ್ಪಿಕೊಂಡಿದ್ದೇನೆ. ಆದ್ದರಿಂದ ಗುರುವಾರ 11 ಗಂಟೆಗೆ ನಿಗದಿಯಾಗಿದ್ದ ಸಂದರ್ಶನವನ್ನು ದಯವಿಟ್ಟು ರದ್ದು ಮಾಡಿ. ಈ ವಿಷಯವನ್ನು ಸಂದರ್ಶನ ಮಾಡಬೇಕಿದ್ದವರಿಗೂ ತಿಳಿಸಬೇಕೆಂದು ಕೋರುತ್ತೇನೆ. ಎರಡನೇ ರೌಂಡಿನಲ್ಲಿ ನಿಮ್ಮ ತಂಡದವರು ಒಂದು ಗೇರ್ ಕೈಗೆ ಕೊಟ್ಟು ಅದರ ಹಲ್ಲಿನ ಸವೆತದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಅದರಿಂದ ನಾನು ಕಲಿತೆ. ನನಗಾಗಿ ಕೊಟ್ಟ ಸಮಯಕ್ಕೆ ಧನ್ಯವಾದ.’ ಕೆಳಗೆ ಹೆಸರು, ಫೋನ್ ನಂಬರ್.

ಅಷ್ಟೇ. ಯಾವ ಕಂಪನಿ, ಎಷ್ಟು ಸಂಬಳ ಎಂದು ಅದರಲ್ಲಿಲ್ಲ. ಅದನ್ನು ಹೇಳುವ ಅಗತ್ಯ ಯಾರಿಗೂ ಇಲ್ಲ. ಆ ಗೇರಿನ ಮಾತು ಮಾತ್ರ ಇರಲಿ ಎಂದು ನಾನೇ ಹಟ ಹಿಡಿದೆ. ಬರೀ ಧನ್ಯವಾದ ಎಂದರೆ ಓದುವವರ ಕಣ್ಣು ಅದನ್ನು ದಾಟಿಕೊಂಡು ಹೋಗುತ್ತದೆ. ನಡೆದ ಒಂದು ಸಂಗತಿ ಹೇಳಿದರೆ ಆ ಗೇರ್ ಕೈಗೆ ಕೊಟ್ಟವರಿಗೆ ಅದು ನಿಜವಾಗಿ ತಲುಪುತ್ತದೆ. ‘ಮುಂದೆ ಅವಕಾಶವಿದ್ದರೆ ನನ್ನನ್ನು ಪರಿಗಣಿಸಿ’ ಎಂದು ಕೊನೆಗೆ ಸೇರಿಸಲಾ ಅಂತ ಕೇಳಿದಳು. ಮನಸ್ಸಿನಲ್ಲಿ ನಿಜವಾಗಿ ಇದ್ದರೆ ಬರಿ, ಇಲ್ಲದಿದ್ದರೆ ಬೇಡ ಅಂದೆ. ಅವಳು ಬರೆಯಲಿಲ್ಲ.

ಇದನ್ನು ಹೊಸ ಮೇಲ್ ಆಗಿ ಕಳಿಸಲಿಲ್ಲ. ಸಂದರ್ಶನದ ಸಮಯ ತಿಳಿಸಿ ಅವರು ಕಳಿಸಿದ್ದ ಮೇಲ್ ಇತ್ತಲ್ಲ, ಅದಕ್ಕೇ ಉತ್ತರವಾಗಿ ಕಳಿಸಿದೆವು. ಹುದ್ದೆಯ ನಂಬರ್, ಹಿಂದಿನ ಮಾತುಕತೆ ಎಲ್ಲ ಅದರ ಕೆಳಗೇ ಇರುತ್ತದೆ. ದಿನಕ್ಕೆ ನೂರಾರು ಮೇಲ್ ನೋಡುವವರಿಗೆ ಇದು ಯಾರು ಎಂದು ಹುಡುಕುವ ಕೆಲಸ ತಪ್ಪುತ್ತದೆ. ವಿಷಯದ ಸಾಲಿನಲ್ಲಿ ಮಾತ್ರ ‘ಅರ್ಜಿ ವಾಪಸ್’ ಎಂಬ ಮಾತನ್ನು ಮುಂದೆ ಸೇರಿಸಿದೆವು.

ಸಂದರ್ಶನ ಮರುದಿನವೇ ಇದ್ದರೆ ಮೇಲ್ ಒಂದೇ ಸಾಲದು. ಮೊದಲು ಫೋನ್ ಮಾಡಿ, ಆಮೇಲೆ ಮೇಲ್ ಕಳಿಸಿ. ಫೋನಿನ ಮಾತು ದಾಖಲೆಯಲ್ಲಿ ಉಳಿಯುವುದಿಲ್ಲ, ಮೇಲ್ ಸಮಯಕ್ಕೆ ಸರಿಯಾಗಿ ಓದುತ್ತಾರೆ ಎಂಬ ಖಾತ್ರಿ ಇಲ್ಲ. ಎರಡೂ ಬೇಕು. ಕ್ಯಾಲೆಂಡರಿನಲ್ಲಿ ಬಂದ ಆಹ್ವಾನಕ್ಕೆ ಒಂದು ಮಾತೂ ಬರೆಯದೆ Decline ಒತ್ತಿ ಬಿಡುವವರಿದ್ದಾರೆ. ಅದನ್ನೂ ‘ಆ ಸಮಯ ಆಗುವುದಿಲ್ಲವಂತೆ’ ಎಂದೇ ನಾವು ಓದುತ್ತಿದ್ದೆವು. ಕಂಪನಿಯ ವೆಬ್‌ಸೈಟಿನಲ್ಲಿ Withdraw ಎಂಬ ಗುಂಡಿ ಇದ್ದರೆ ಅದನ್ನು ಪತ್ರ ಕಳಿಸಿದ ಮೇಲೆ ಒತ್ತಿ. ಒತ್ತಿದ ಮೇಲೆ ಮನಸ್ಸು ಬದಲಾದರೆ ಹೊಸದಾಗಿ ಅರ್ಜಿ ಹಾಕಬೇಕಾಗಿ ಬರಬಹುದು, ಅದು ನೆನಪಿರಲಿ.

ಅಲ್ಲೇ ಕೆಲಸ ಮಾಡುವ ಗೆಳೆಯರು ನಿಮ್ಮ ಹೆಸರು ಶಿಫಾರಸು ಮಾಡಿದ್ದರೆ, ಪತ್ರಕ್ಕಿಂತ ಮೊದಲು ಅವರಿಗೆ ಹೇಳಿ. ಎಚ್‌ಆರ್ ಬಾಯಿಂದ ಅವರಿಗೆ ಗೊತ್ತಾಗಬಾರದು. ಕಾಲೇಜಿನ ಪ್ಲೇಸ್‌ಮೆಂಟ್ ಮೂಲಕ ಹೋದವರು ಪ್ಲೇಸ್‌ಮೆಂಟ್ ಆಫೀಸಿಗೆ ಮೊದಲು ತಿಳಿಸಬೇಕು. ಒಂದು ಆಫರ್ ಒಪ್ಪಿದ ಮೇಲೆ ಉಳಿದ ಕಡೆ ಹೋಗುವಂತಿಲ್ಲ ಎಂಬ ನಿಯಮ ತುಂಬ ಕಾಲೇಜುಗಳಲ್ಲಿದೆ.

ಬುಧವಾರ ಬೆಳಿಗ್ಗೆ 10 ಗಂಟೆಗೆ ಅವಳಿಗೆ ಮೈಸೂರಿನಿಂದ ಫೋನ್ ಬಂತು. ಎಚ್‌ಆರ್ ಮೇಡಂ ಮೆತ್ತಗೆ ಕೇಳಿದರು. “ಅವರು ಎಷ್ಟು ಕೊಡ್ತಾರೆ ಹೇಳಿ, ನಾವೂ ನೋಡ್ತೀವಿ.” ಇಂಥ ಫೋನ್ ಬರಬಹುದು ಎಂದು ಮೊದಲೇ ಹೇಳಿಟ್ಟಿದ್ದೆ. ಸಂಬಳ ಜಾಸ್ತಿ ಸಿಕ್ಕರೆ ಮನಸ್ಸು ಬದಲಾಯಿಸುವ ಯೋಚನೆ ಇದ್ದರೆ ಈ ಪತ್ರ ಬರೆಯಲೇಬಾರದು. ಸಹಿ ಹಾಕುವ ಮೊದಲೇ ಆ ಮಾತು ಆಡಬೇಕಿತ್ತು. ಸಹಿ ಹಾಕಿ, ಹಿಂದೆ ಸರಿಯುತ್ತೇನೆ ಎಂದು ಬರೆದು, ಆಮೇಲೆ ಚೌಕಾಸಿ ಮಾಡಿದರೆ ಇಬ್ಬರಿಗೂ ಕೊಟ್ಟ ಮಾತು ಕೆಡುತ್ತದೆ. ನೋಟಿಸ್ ಪೀರಿಯಡ್ ಮೂರು ತಿಂಗಳಿದೆ, ಅಷ್ಟರಲ್ಲಿ ಇನ್ನೂ ನಾಲ್ಕು ಕಡೆ ನೋಡೋಣ ಎಂದು ಉಳಿದ ಅರ್ಜಿಗಳನ್ನು ಹಾಗೇ ಇಟ್ಟುಕೊಳ್ಳುವವರು ಎಷ್ಟೋ ಜನ. ನನಗೆ ಅದು ಸರಿ ಕಾಣುವುದಿಲ್ಲ. ಅವರ ಹೆಸರು ಪಟ್ಟಿಯಲ್ಲಿ ಇರುವಷ್ಟು ದಿನ ಅದರ ಕೆಳಗಿನ ಹೆಸರಿಗೆ ಫೋನ್ ಹೋಗುವುದಿಲ್ಲ.

ಅವಳು ಹೇಳಿದ್ದು ಇಷ್ಟೇ. “ಒಪ್ಪಿಕೊಂಡಾಗಿದೆ ಮೇಡಂ, ಸಹಿ ಹಾಕಿದ್ದೀನಿ. ನೀವು ಕೇಳಿದ್ದು ಸಂತೋಷ.” ಅವರು ಮತ್ತೆ ಒತ್ತಾಯ ಮಾಡಲಿಲ್ಲ.

ಅವಳು ರೈಲ್ವೆ ಟಿಕೆಟ್ ರದ್ದು ಮಾಡಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಮೇಲಿಗೂ ಎರಡು ಸಾಲಿನ ಉತ್ತರ ಬಂತು. ಅದನ್ನು ನನಗೂ ಕಳಿಸಿದಳು. ‘ಮೊದಲೇ ತಿಳಿಸಿದ್ದಕ್ಕೆ ಧನ್ಯವಾದ. ಗುರುವಾರ 11 ಗಂಟೆಗೆ ಇನ್ನೊಬ್ಬ ಅಭ್ಯರ್ಥಿಯನ್ನು ಕರೆದಿದ್ದೇವೆ.’

ನಮಸ್ಕಾರ.